ಆಡಿಟರ್‌ಗೆ ಬೇಕಾದ ಬ್ಯಾಲೆನ್ಸ್ ಮತ್ತು ಬಡ್ಡಿ ಪ್ರಮಾಣಪತ್ರ: ಬ್ಯಾಂಕಿಗೆ ಪತ್ರ ಬರೆಯುವುದು ಹೇಗೆ?

ಪ್ರಶ್ನೆ: ತಿಪಟೂರಿನಲ್ಲಿ ನಾವು ಮೂವರು ಪಾಲುದಾರರು ಸೇರಿ ಕೊಬ್ಬರಿ ವ್ಯಾಪಾರ ಮಾಡುತ್ತೇವೆ. 2024-25ರ ಲೆಕ್ಕಕ್ಕೆ ಬ್ಯಾಂಕಿನಿಂದ ಬ್ಯಾಲೆನ್ಸ್ ಮತ್ತು ಬಡ್ಡಿ ಸರ್ಟಿಫಿಕೇಟ್ ತನ್ನಿ ಅಂತ ಆಡಿಟರ್ ಹೇಳಿದರು. ನಾನು ಎರಡು ಸಾಲಿನ ಪತ್ರ ಕೊಟ್ಟೆ. ಬ್ಯಾಂಕಿನವರು ಚಾಲ್ತಿ ಖಾತೆಯ ಬ್ಯಾಲೆನ್ಸ್ ಮಾತ್ರ ಬರೆದು ಸೀಲ್ ಹಾಕಿ ಕೊಟ್ಟರು. ಇದು ಸಾಲದು ಅಂತ ಆಡಿಟರ್ ವಾಪಸ್ ಕಳಿಸಿದ್ದಾರೆ. ನಮಗೆ ಸಿಸಿ ಖಾತೆ, ಗೋದಾಮಿನ ಸಾಲ, ಒಂದು ಎಫ್‌ಡಿ ಕೂಡ ಇದೆ. ಪತ್ರ ಹೇಗೆ ಬರೆಯಬೇಕು? ಕನ್ನಡದಲ್ಲಿ ಬರೆದರೆ ನಡೆಯುತ್ತಾ? ವರ್ಷದ ಸ್ಟೇಟ್‌ಮೆಂಟ್ ಕೊಟ್ಟಿದ್ದೇವಲ್ಲ, ಅದು ಯಾಕೆ ಸಾಕಾಗಲ್ಲ?

ಉತ್ತರ:

ಸ್ಟೇಟ್‌ಮೆಂಟ್ ವಿಷಯ ಮೊದಲು ಮುಗಿಸೋಣ. ಸ್ಟೇಟ್‌ಮೆಂಟ್ ಆಡಿಟರ್ ಕೈಗೆ ಬರುವುದು ನಿಮ್ಮ ಮೂಲಕ. ಪ್ರಮಾಣಪತ್ರದಲ್ಲಿ ಬ್ಯಾಂಕೇ ನೇರವಾಗಿ ಮಾತಾಡುತ್ತದೆ. ಹೊರಗಿನವರಿಂದ ದೃಢೀಕರಣ ಪಡೆಯುವ ಬಗ್ಗೆ ಲೆಕ್ಕಪರಿಶೋಧಕರಿಗೆ ಎಸ್‌ಎ 505 ಅನ್ನುವ ಮಾನದಂಡವೇ ಇದೆ. ಪತ್ರ ಯಾರಿಗೆ ಹೋಗಬೇಕು, ಅದರಲ್ಲಿ ಏನು ಕೇಳಬೇಕು, ಉತ್ತರ ಯಾರ ಕೈಗೆ ಬರಬೇಕು, ಇದೆಲ್ಲ ಆಡಿಟರ್ ಹಿಡಿತದಲ್ಲಿರಬೇಕು ಅಂತ ಅದು ಹೇಳುತ್ತದೆ. ಹಾಗಾಗಿ ನಿಮ್ಮ ಆಡಿಟರ್ ಕಾಗದ ವಾಪಸ್ ಕಳಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅವರು ತಮ್ಮ ಕೆಲಸ ಸರಿಯಾಗಿ ಮಾಡುತ್ತಿದ್ದಾರೆ.

ಇನ್ನೊಂದು ಕಾರಣವೂ ಇದೆ. ಸ್ಟೇಟ್‌ಮೆಂಟ್‌ನಲ್ಲಿ ಕಾಣುವುದು ಆ ಖಾತೆಯಲ್ಲಿ ಆಗಿಹೋದ ಜಮೆ ಮತ್ತು ಖರ್ಚು ಮಾತ್ರ. ಎಫ್‌ಡಿಯಲ್ಲಿ ಮಾರ್ಚ್ 31ರವರೆಗೆ ಬೆಳೆದು ಇನ್ನೂ ಜಮೆಯಾಗದ ಬಡ್ಡಿ ಅದರಲ್ಲಿ ಕಾಣುವುದಿಲ್ಲ. ಸಾಲಕ್ಕೆ ಯಾವ ಆಸ್ತಿ ಅಡವಿದೆ, ಸಂಸ್ಥೆಯ ಹೆಸರಲ್ಲಿ ಬ್ಯಾಂಕ್ ಗ್ಯಾರಂಟಿ ಇದೆಯಾ, ವರ್ಷದ ಮಧ್ಯೆ ಮುಚ್ಚಿದ ಖಾತೆ ಇದೆಯಾ, ಇದೂ ಗೊತ್ತಾಗುವುದಿಲ್ಲ. ಇವೆಲ್ಲ ನಿಮ್ಮ ಬ್ಯಾಲೆನ್ಸ್ ಶೀಟ್‌ಗೆ ಬೇಕು.

ಇನ್ನು ನಿಮ್ಮ ಎರಡು ಸಾಲಿನ ಪತ್ರ. ಅದರಲ್ಲಿ ಬಹುಶಃ ಚಾಲ್ತಿ ಖಾತೆಯ ಸಂಖ್ಯೆ ಒಂದೇ ಇದ್ದಿರಬೇಕು. ಕೌಂಟರ್‌ನಲ್ಲಿ ಕೂತವರು ಆ ಸಂಖ್ಯೆ ಹಾಕಿ ನೋಡಿದರು, ಬಂದ ಬ್ಯಾಲೆನ್ಸ್ ಬರೆದರು. ಚಾಲ್ತಿ ಖಾತೆಗೆ ಬಡ್ಡಿ ಕೊಡುವುದಿಲ್ಲ, ಹಾಗಾಗಿ ಬಡ್ಡಿಯ ಮಾತೇ ಬರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾರೆ, ಅಷ್ಟೇ. ಏನು ಬೇಕು ಅಂತ ಖಾತೆವಾರು ಬಿಡಿಸಿ ಕೇಳುವ ಜವಾಬ್ದಾರಿ ನಮ್ಮದು.

ಯಾರ ಸಹಿ ಬೇಕು?

ಗ್ರಾಹಕರ ಲೆಕ್ಕವನ್ನು ಬ್ಯಾಂಕ್ ಗುಟ್ಟಾಗಿ ಇಡಬೇಕು. ಆಡಿಟರ್ ತಾವೇ ಪತ್ರ ಬರೆದು ಕೇಳಿದರೆ ಬ್ಯಾಂಕ್ ಕೊಡುವುದಿಲ್ಲ. ಸಂಸ್ಥೆಯೇ ಕೇಳಬೇಕು, ಆಡಿಟರ್‌ಗೆ ಮಾಹಿತಿ ಕೊಡಲು ಸಂಸ್ಥೆಯೇ ಒಪ್ಪಿಗೆ ಕೊಡಬೇಕು. ಪತ್ರ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿರಲಿ. ಸಹಿಯ ಮೇಲೆ ಸಂಸ್ಥೆಯ ಹೆಸರು, ಕೆಳಗೆ ‘ಪಾಲುದಾರರು’ ಅಂತ ಇರುವ ರಬ್ಬರ್ ಸ್ಟಾಂಪ್ ಬೀಳಲಿ.

ಯಾವ ಪಾಲುದಾರರು ಸಹಿ ಮಾಡಬೇಕು ಅನ್ನುವುದು ಖಾತೆ ತೆರೆಯುವಾಗ ನೀವು ಬ್ಯಾಂಕಿಗೆ ಏನು ಬರೆದುಕೊಟ್ಟಿದ್ದೀರಿ ಅನ್ನುವುದರ ಮೇಲಿದೆ. ‘ಯಾರಾದರೂ ಒಬ್ಬರು’ ಅಂತಿದ್ದರೆ ಒಬ್ಬರ ಸಹಿ ಸಾಕು. ‘ಇಬ್ಬರು ಸೇರಿ’ ಅಂತಿದ್ದರೆ ಇಬ್ಬರ ಸಹಿಯೂ ಬೇಕು. ಎಷ್ಟೋ ಪತ್ರಗಳು ಮೇಜಿನ ಮೇಲೆ ಸುಮ್ನೆ ಬಿದ್ದಿರುವುದು ಇದೇ ಕಾರಣಕ್ಕೆ. ಸಹಿ ತಾಳೆಯಾಗದಿದ್ದರೆ ಪತ್ರ ಮುಂದೆ ಹೋಗುವುದಿಲ್ಲ, ನಿಮಗೆ ಯಾರೂ ಫೋನ್ ಮಾಡಿ ಹೇಳುವುದೂ ಇಲ್ಲ. ವರ್ಷದಲ್ಲಿ ಯಾರಾದರೂ ಪಾಲುದಾರರು ಬಿಟ್ಟಿದ್ದರೆ ಅಥವಾ ಹೊಸಬರು ಸೇರಿದ್ದರೆ ಬ್ಯಾಂಕಿನ ದಾಖಲೆಯಲ್ಲಿ ಅದು ಬದಲಾಗಿದೆಯಾ ಅಂತ ಮೊದಲು ನೋಡಿಕೊಳ್ಳಿ.

ಪತ್ರದಲ್ಲಿ ಬರೆಯುವ ಪ್ಯಾನ್ ಸಂಸ್ಥೆಯದ್ದಾಗಿರಲಿ, ಪಾಲುದಾರರದ್ದಲ್ಲ. ಖಾತೆ ಸಂಖ್ಯೆಗಳ ಜೊತೆಗೆ ಗ್ರಾಹಕ ಸಂಖ್ಯೆಯನ್ನೂ ಬರೆಯಿರಿ. ಆ ಒಂದು ಸಂಖ್ಯೆ ಹಾಕಿದರೆ ಸಂಸ್ಥೆಯ ಹೆಸರಲ್ಲಿರುವ ಎಲ್ಲ ಖಾತೆಗಳೂ ಬ್ಯಾಂಕಿನವರ ಪರದೆಯಲ್ಲಿ ಒಟ್ಟಿಗೆ ಬರುತ್ತವೆ. ಹಾಗಾಗಿ ಪತ್ರದಲ್ಲಿ ‘ಈ ಗ್ರಾಹಕ ಸಂಖ್ಯೆಯಡಿ ಇರುವ ಎಲ್ಲ ಖಾತೆಗಳು, ವರ್ಷದಲ್ಲಿ ಮುಚ್ಚಿದವೂ ಸೇರಿ’ ಅಂತ ಒಂದು ಸಾಲು ಇರಲೇಬೇಕು. ನಿಮಗೇ ಮರೆತುಹೋದ ಖಾತೆ ಇದ್ದರೆ ಈ ಸಾಲಿನಿಂದ ಹೊರಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಸಿಸಿ ಸಾಲಕ್ಕೆ ಭದ್ರತೆಯಾಗಿ ಪಾಲುದಾರರ ಸ್ವಂತ ಹೆಸರಿನ ಎಫ್‌ಡಿ ಕೊಟ್ಟಿರುವುದು ನಮ್ಮ ಕಡೆ ಸಾಮಾನ್ಯ. ಆ ಎಫ್‌ಡಿ ಸಂಸ್ಥೆಯ ಆಸ್ತಿಯಲ್ಲ, ಅದರ ಬಡ್ಡಿ ಸಂಸ್ಥೆಯ ಆದಾಯವೂ ಅಲ್ಲ. ನಿಮ್ಮ ಎಫ್‌ಡಿ ರಸೀದಿಯಲ್ಲಿ ಯಾರ ಹೆಸರಿದೆ ಅಂತ ಇವತ್ತೇ ತೆಗೆದು ನೋಡಿ. ಪಾಲುದಾರರ ಹೆಸರಿದ್ದರೆ ಅದರ ಬಡ್ಡಿ ಪ್ರಮಾಣಪತ್ರವನ್ನು ಅವರೇ ಬೇರೆ ಕೇಳಿ ಪಡೆಯಬೇಕು. ಸಂಸ್ಥೆಯ ಪತ್ರದಲ್ಲಿ ಅದು ಭದ್ರತೆಯ ವಿವರವಾಗಿ ಮಾತ್ರ ಬರುತ್ತದೆ. ಸಂಸ್ಥೆಯ ಹೆಸರಲ್ಲೇ ಇದೆ ಅಂದುಕೊಂಡು ಮುಂದೆ ಹೇಳುತ್ತೇನೆ.

ಬ್ಯಾಲೆನ್ಸ್ ಕೇಳುವಾಗ

‘31-3-2025ರ ದಿನದ ವ್ಯವಹಾರ ಮುಗಿದ ನಂತರದ ಬಾಕಿ’ ಅಂತಲೇ ಬರೆಯಿರಿ. ಸಾಲದ ಖಾತೆಗಳಿಗೆ ಮಾರ್ಚ್ ತಿಂಗಳ ಬಡ್ಡಿ ಬೀಳುವುದು ಆ ದಿನದ ಕೊನೆಗೆ. ಮಧ್ಯಾಹ್ನ ತೆಗೆದ ಸ್ಟೇಟ್‌ಮೆಂಟ್‌ನಲ್ಲಿ ಅದು ಇರುವುದಿಲ್ಲ. ಅದಕ್ಕೇ ಪತ್ರವನ್ನು ಏಪ್ರಿಲ್ ಮೊದಲ ವಾರ ಕಳೆದ ಮೇಲೆ ಕೊಡುವುದು ಒಳ್ಳೆಯದು. ಅಷ್ಟೊತ್ತಿಗೆ ಬ್ಯಾಂಕಿನವರ ವರ್ಷಾಂತ್ಯದ ಗಡಿಬಿಡಿಯೂ ಇಳಿದಿರುತ್ತದೆ.

ಬಾಕಿ ಜಮೆಯದ್ದೋ ಸಾಲದ್ದೋ ಅಂತಲೂ ಬರೆಯಲು ಕೇಳಿ. ಸಿಸಿ ಖಾತೆಯಲ್ಲಿ ‘ರೂ. 14,62,300’ ಅಂತ ಮಾತ್ರ ಬರೆದರೆ ಅದು ಯಾರು ಯಾರಿಗೆ ಕೊಡಬೇಕಾದದ್ದು ಅಂತ ಓದುವವರಿಗೆ ಗೊತ್ತಾಗಬೇಕಲ್ವಾ? ಚಾಲ್ತಿ ಖಾತೆಯೂ ಕೆಲವೊಮ್ಮೆ ಸಾಲದ ಕಡೆ ಹೋಗಿರುತ್ತದೆ.

ನಿಮ್ಮ ಪುಸ್ತಕದ ಬ್ಯಾಲೆನ್ಸ್ ಬರೆದು ‘ಇದು ಸರಿಯೇ ತಿಳಿಸಿ’ ಅಂತ ಕೇಳಬೇಡಿ. ಜಾಗ ಖಾಲಿ ಬಿಡಿ, ಬ್ಯಾಂಕೇ ತುಂಬಲಿ. ಅಂಕಿ ಮೊದಲೇ ಇದ್ದರೆ, ಕೆಲಸದ ಒತ್ತಡದಲ್ಲಿರುವವರು ತಾಳೆ ನೋಡದೆ ಸೀಲ್ ಹಾಕಿಬಿಡುವ ಸಾಧ್ಯತೆ ಇರುತ್ತದೆ. ಅಂಥ ಕಾಗದವನ್ನು ಆಡಿಟರ್ ಅಷ್ಟಾಗಿ ನಂಬುವುದಿಲ್ಲ.

ಬಡ್ಡಿ: ಇಲ್ಲೇ ಜಾಸ್ತಿ ಎಡವುವುದು

‘ಬಡ್ಡಿ ಎಷ್ಟು ತಿಳಿಸಿ’ ಅಂದರೆ ಬ್ಯಾಂಕ್ ಒಂದು ಅಂಕಿ ಕೊಡುತ್ತದೆ. ಆದರೆ ಆಡಿಟರ್‌ಗೆ ಒಂದು ಅಂಕಿಯಿಂದ ಕೆಲಸ ಆಗುವುದಿಲ್ಲ. ಎಫ್‌ಡಿಯಲ್ಲಿ ಜಮೆಯಾದ ಬಡ್ಡಿ ಬೇರೆ, ಬೆಳೆದು ನಿಂತ ಬಡ್ಡಿ ಬೇರೆ. ಸಾಲದಲ್ಲಿ ಬ್ಯಾಂಕ್ ಹಾಕಿದ ಬಡ್ಡಿ ಬೇರೆ, ನೀವು ಕಟ್ಟಿದ ಬಡ್ಡಿ ಬೇರೆ. ಒಂದೊಂದಾಗಿ ನೋಡೋಣ. ನಿಮ್ಮ ಅಂಕಿಗಳು ನನಗೆ ಗೊತ್ತಿಲ್ಲದ ಕಾರಣ ಉದಾಹರಣೆಗೆ ನಾನೇ ಕೆಲವನ್ನು ಇಟ್ಟುಕೊಂಡಿದ್ದೇನೆ.

ಸಂಸ್ಥೆ 1-11-2024ರಂದು 20,00,000 ರೂಪಾಯಿ ಎಫ್‌ಡಿ ಇಟ್ಟಿತು ಅಂದುಕೊಳ್ಳಿ. ಬಡ್ಡಿ ಶೇ. 7. ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ, ಎಲ್ಲ ಹಣ ಅವಧಿ ಮುಗಿದ ಮೇಲೆ ಒಟ್ಟಿಗೆ ಕೈಗೆ ಬರುತ್ತದೆ. ಮೊದಲ ಮೂರು ತಿಂಗಳ ಬಡ್ಡಿ 35,000. ಅದು ಫೆಬ್ರವರಿ 1ಕ್ಕೆ ಅಸಲಿಗೆ ಸೇರಿ ಎಫ್‌ಡಿ 20,35,000 ಆಯಿತು. ಆಮೇಲೆ ಫೆಬ್ರವರಿ ಮತ್ತು ಮಾರ್ಚ್, ಒಟ್ಟು 59 ದಿನ. ಆ ಮೊತ್ತಕ್ಕೆ ಶೇ. 7ರಂತೆ 59 ದಿನದ ಬಡ್ಡಿ ಸುಮಾರು 23,026. ಇದು ಬೆಳೆದಿದೆ, ಆದರೆ ಇನ್ನೂ ಅಸಲಿಗೆ ಸೇರಿಲ್ಲ. ಎರಡೂ ಸೇರಿ ವರ್ಷದ ಬಡ್ಡಿ 58,026.

ಬ್ಯಾಂಕಿನಿಂದ ಬರುವ ಬಡ್ಡಿಗೆ 2024-25ರಲ್ಲಿ ಟಿಡಿಎಸ್ ಮಿತಿ 40,000 ಇತ್ತು. 2025ರ ಏಪ್ರಿಲ್‌ನಿಂದ ಅದು 50,000 ಆಗಿದೆ. ನಮ್ಮ ಅಂಕಿ ಎರಡನ್ನೂ ದಾಟಿದೆ. ಶೇ. 10ರಂತೆ 5,803 ರೂಪಾಯಿ ಟಿಡಿಎಸ್ ಕಡಿತ ಆಗುತ್ತದೆ. 15ಜಿ ಫಾರಂ ಕೊಟ್ಟು ತಪ್ಪಿಸಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಪಾಲುದಾರಿಕೆ ಸಂಸ್ಥೆಗೆ ಆ ಫಾರಂ ಕೊಡಲು ಬರುವುದಿಲ್ಲ.

ಈಗ ನಿಮ್ಮ ಮುಂದೆ ಏನೇನು ಅಂಕಿ ಬರುತ್ತವೆ ನೋಡಿ. ನಿಮ್ಮ ಪುಸ್ತಕದಲ್ಲಿ ಎಫ್‌ಡಿ 20,00,000. ಬ್ಯಾಂಕಿನ ಪ್ರಮಾಣಪತ್ರದಲ್ಲಿ 20,35,000. ತೆರಿಗೆ ಇಲಾಖೆಯ 26ಎಎಸ್‌ನಲ್ಲಿ ಬಡ್ಡಿ 58,026. ಸ್ಟೇಟ್‌ಮೆಂಟ್‌ನಲ್ಲಿ ಬಡ್ಡಿಯ ಸಾಲೇ ಇಲ್ಲ, 5,803 ಕಡಿತವಾದದ್ದು ಮಾತ್ರ ಕಾಣುತ್ತದೆ, ಅದೂ ಟಿಡಿಎಸ್ ಅನ್ನು ಚಾಲ್ತಿ ಖಾತೆಯಿಂದ ತೆಗೆದಿದ್ದರೆ. ಎಲ್ಲವೂ ಸರಿಯಾದ ಅಂಕಿಗಳೇ. ಆದರೆ ಬಿಡಿಸಿ ಬರೆದ ಕಾಗದ ಕೈಯಲ್ಲಿ ಇಲ್ಲದಿದ್ದರೆ ಯಾವುದೂ ಒಂದಕ್ಕೊಂದು ಕೂಡುವುದಿಲ್ಲ. ಲೆಕ್ಕ ಬರೆಯುವವರು ಆ 5,803 ಅನ್ನು ಬ್ಯಾಂಕ್ ಚಾರ್ಜಸ್ ಅಂತ ಖರ್ಚಿಗೆ ಹಾಕಿ ಮುಗಿಸುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಆಗ ಎರಡು ತಪ್ಪಾಗುತ್ತದೆ. 58,026 ಆದಾಯ ಲೆಕ್ಕದಿಂದ ತಪ್ಪಿಹೋಗುತ್ತದೆ, ನಿಮಗೆ ಸಿಗಬೇಕಾದ ತೆರಿಗೆಯ ಜಮೆಯೂ ಕೈಬಿಡುತ್ತದೆ. ಆದಾಯ ಬಿಟ್ಟಿದ್ದನ್ನು ಇಲಾಖೆ ಸುಲಭವಾಗಿ ಹಿಡಿಯುತ್ತದೆ, ಯಾಕೆಂದರೆ ಬ್ಯಾಂಕ್ ಅದನ್ನು ಆಗಲೇ ತಿಳಿಸಿರುತ್ತದೆ.

ಆದ್ದರಿಂದ ಎಫ್‌ಡಿ ವಿಷಯದಲ್ಲಿ ಇಷ್ಟು ಬೇರೆ ಬೇರೆ ಕೇಳಿ: ಇಟ್ಟ ಮೊತ್ತ, ಇಟ್ಟ ದಿನ, ಮುಗಿಯುವ ದಿನ, ಬಡ್ಡಿ ದರ, ವರ್ಷದಲ್ಲಿ ಜಮೆಯಾದ ಅಥವಾ ಅಸಲಿಗೆ ಸೇರಿದ ಬಡ್ಡಿ, ಮಾರ್ಚ್ 31ರವರೆಗೆ ಬೆಳೆದು ಇನ್ನೂ ಜಮೆಯಾಗದ ಬಡ್ಡಿ, ಕಡಿತವಾದ ಟಿಡಿಎಸ್. ಎಫ್‌ಡಿ ಒಂದಕ್ಕಿಂತ ಜಾಸ್ತಿ ಇದ್ದರೆ ರಸೀದಿವಾರು ಕೇಳಿ. ಒಟ್ಟು ಮೊತ್ತ ಕೊಟ್ಟರೆ ಆಡಿಟರ್ ಮತ್ತೆ ಬಿಡಿಸಿ ಕೇಳುತ್ತಾರೆ.

ಇನ್ನು ಗೋದಾಮಿನ ಸಾಲ. ಇದರಲ್ಲಿ ತೆರಿಗೆ ಕಾಯ್ದೆಯ ಒಂದು ನಿಯಮ ನೇರವಾಗಿ ತಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಂ ಪ್ರಕಾರ, ಬ್ಯಾಂಕ್ ಸಾಲದ ಬಡ್ಡಿಯನ್ನು ನಿಜವಾಗಿ ಕಟ್ಟಿದರೆ ಮಾತ್ರ ಖರ್ಚು ಅಂತ ಒಪ್ಪುತ್ತಾರೆ. ಪುಸ್ತಕದಲ್ಲಿ ಬರೆದರೆ ಸಾಲದು. ಪಟ್ಟಣ ಸಹಕಾರ ಬ್ಯಾಂಕಿನ ಸಾಲಕ್ಕೂ ಇದೇ ನಿಯಮ. ವರ್ಷದೊಳಗೆ ಕಟ್ಟಲಾಗದಿದ್ದರೆ ರಿಟರ್ನ್ ಸಲ್ಲಿಸುವ ಕೊನೆ ದಿನದೊಳಗೆ ಕಟ್ಟಿ, ಅದರ ದಾಖಲೆ ಇಟ್ಟುಕೊಂಡರೆ ಅದೇ ವರ್ಷದ ಖರ್ಚಾಗಿ ಸಿಗುತ್ತದೆ. ಆ ದಿನ ದಾಟಿದರೆ ಕಟ್ಟಿದ ವರ್ಷಕ್ಕೆ ಹೋಗುತ್ತದೆ.

ಉದಾಹರಣೆಗೆ ಗೋದಾಮಿನ ಸಾಲಕ್ಕೆ ವರ್ಷದಲ್ಲಿ ಬ್ಯಾಂಕ್ ಹಾಕಿದ ಬಡ್ಡಿ 2,16,400. ಕೊಬ್ಬರಿ ದುಡ್ಡು ಬರುವುದು ತಡವಾಗಿ ಕೊನೆಯ ಎರಡು ಕಂತು ಕಟ್ಟಲಿಲ್ಲ. ಆ ಕಂತುಗಳಲ್ಲಿ ಇದ್ದ ಬಡ್ಡಿ 33,500. ಅಂದರೆ ವರ್ಷದೊಳಗೆ ಕಟ್ಟಿದ ಬಡ್ಡಿ 1,82,900. ಮೇ ತಿಂಗಳಲ್ಲಿ ಬಾಕಿ ಕಂತು ಕಟ್ಟಿದಿರಿ. ಬ್ಯಾಂಕ್ ‘ಬಡ್ಡಿ 2,16,400’ ಅಂತ ಒಂದೇ ಸಾಲು ಬರೆದು ಕೊಟ್ಟರೆ ಇದು ಯಾವುದೂ ಕಾಣುವುದಿಲ್ಲ. ತೆರಿಗೆ ಆಡಿಟ್ ಇದ್ದರೆ ಆಡಿಟರ್ ತಮ್ಮ 3ಸಿಡಿ ವರದಿಯಲ್ಲಿ ಮಾರ್ಚ್ 31ಕ್ಕೆ ಬಾಕಿ ಉಳಿದ ಬಡ್ಡಿ ಎಷ್ಟು, ಆಮೇಲೆ ಅದನ್ನು ಕಟ್ಟಿದ್ದೀರಾ ಅಂತ ಬರೆಯಲೇಬೇಕು. ಅವರಿಗೆ ಮೂರು ಅಂಕಿ ಬೇಕು: ಹಾಕಿದ ಬಡ್ಡಿ, ಕಟ್ಟಿದ ಬಡ್ಡಿ, ಬಾಕಿ ಇರುವ ಬಡ್ಡಿ. ಜೊತೆಗೆ ಮೇ ತಿಂಗಳ ಪಾವತಿ ಕಾಣುವ ಸ್ಟೇಟ್‌ಮೆಂಟ್ ಪುಟ.

ಬಾಕಿ ಬಡ್ಡಿಯನ್ನು ಬ್ಯಾಂಕ್ ಹೊಸ ಸಾಲವಾಗಿ ಬದಲಾಯಿಸಿಕೊಟ್ಟಿದ್ದರೆ ಅದನ್ನು ಕಟ್ಟಿದ್ದು ಅಂತ ಲೆಕ್ಕ ಹಿಡಿಯುವುದಿಲ್ಲ. ಸಾಲವನ್ನು ಮರುಹೊಂದಾಣಿಕೆ ಮಾಡಿಸಿಕೊಂಡವರು ಇದನ್ನು ಆಡಿಟರ್‌ಗೆ ತಾವಾಗಿ ಹೇಳಬೇಕು. ಪ್ರಮಾಣಪತ್ರದಲ್ಲಿ ಹಳೆ ಸಾಲ ‘ಮುಗಿದಿದೆ’ ಅಂತ ಮಾತ್ರ ಬರುತ್ತದೆ.

ಸಿಸಿ ಖಾತೆಯಲ್ಲಿ ಬಡ್ಡಿ ತಿಂಗಳ ಕೊನೆಗೆ ಖಾತೆಗೇ ಬೀಳುತ್ತದೆ. ಖಾತೆ ಮಿತಿಯೊಳಗಿದ್ದು, ಆಮೇಲೆ ವ್ಯಾಪಾರದ ದುಡ್ಡು ಜಮೆಯಾಗುತ್ತಿದ್ದರೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ. ಬಡ್ಡಿ ಬಿದ್ದು ಮಿತಿ ಮೀರಿದ್ದರೆ ಆಡಿಟರ್ ವಿಚಾರಿಸುತ್ತಾರೆ. ಅದಕ್ಕೇ ಮಂಜೂರಾದ ಮಿತಿಯನ್ನೂ ಪ್ರಮಾಣಪತ್ರದಲ್ಲಿ ಕೇಳಿ.

ಬಡ್ಡಿ ಮತ್ತು ಶುಲ್ಕ ಬೇರೆ ಬೇರೆ ಬರಲಿ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ, ಸಾಲಗಾರ ಷರತ್ತು ತಪ್ಪಿದರೆ ಹಾಕುವ ದಂಡವನ್ನು ಬಡ್ಡಿ ದರಕ್ಕೆ ಸೇರಿಸುವಂತಿಲ್ಲ, ಅದು ಪ್ರತ್ಯೇಕ ದಂಡ ಶುಲ್ಕವಾಗಿರಬೇಕು. ನಿಮ್ಮ ಎರಡು ಕಂತಿಗೆ ಅಂಥ ಶುಲ್ಕ ಬಿದ್ದಿದ್ದರೆ ಅದು ಬಡ್ಡಿಯ ಅಂಕಿಯೊಳಗೆ ಸೇರಿಕೊಳ್ಳಬಾರದು.

ಈಗ ಪತ್ರ

ಕೆಳಗಿನದನ್ನು ಹಾಗೇ ಬಳಸಿ, ಖಾಲಿ ಜಾಗ ತುಂಬಿ. ನಿಮಗೆ ಇಲ್ಲದ ಖಾತೆಯ ಸಾಲು ತೆಗೆಯಿರಿ.

(ಸಂಸ್ಥೆಯ ಲೆಟರ್‌ಹೆಡ್)

ದಿನಾಂಕ: ________

ಇವರಿಗೆ,
ಶಾಖಾ ವ್ಯವಸ್ಥಾಪಕರು,
________ ಬ್ಯಾಂಕ್,
ತಿಪಟೂರು ಶಾಖೆ.

ಮಾನ್ಯರೇ,

ವಿಷಯ: 31-3-2025ಕ್ಕೆ ಇದ್ದ ಬಾಕಿ ಹಾಗೂ 2024-25ನೇ ಸಾಲಿನ ಬಡ್ಡಿಯ ಪ್ರಮಾಣಪತ್ರ ಕೋರಿ.

ಉಲ್ಲೇಖ: ಗ್ರಾಹಕ ಸಂಖ್ಯೆ ________, ಸಂಸ್ಥೆಯ ಪ್ಯಾನ್ ________

ನಮ್ಮ ಪಾಲುದಾರಿಕೆ ಸಂಸ್ಥೆಯ 2024-25ನೇ ಸಾಲಿನ (1-4-2024ರಿಂದ 31-3-2025) ಲೆಕ್ಕಪರಿಶೋಧನೆ ನಡೆಯುತ್ತಿದೆ. ನಮ್ಮ ಲೆಕ್ಕಪರಿಶೋಧಕರಿಗೆ ಕೆಳಗಿನ ವಿವರಗಳು ಬೇಕಾಗಿವೆ. ತಮ್ಮ ದಾಖಲೆಗಳ ಪ್ರಕಾರ ಇವುಗಳನ್ನು ದೃಢೀಕರಿಸಿ ಪ್ರಮಾಣಪತ್ರ ನೀಡಬೇಕೆಂದು ಕೋರುತ್ತೇವೆ.

1. ಮೇಲಿನ ಗ್ರಾಹಕ ಸಂಖ್ಯೆಯಡಿ ಸಂಸ್ಥೆಯ ಹೆಸರಿನಲ್ಲಿರುವ ಎಲ್ಲ ಖಾತೆಗಳ ಪಟ್ಟಿ, ಶೂನ್ಯ ಬಾಕಿಯವು ಮತ್ತು ವರ್ಷದಲ್ಲಿ ಮುಚ್ಚಿದವು ಸೇರಿ. 31-3-2025ರ ದಿನದ ವ್ಯವಹಾರ ಮುಗಿದ ನಂತರ ಪ್ರತಿ ಖಾತೆಯಲ್ಲಿದ್ದ ಬಾಕಿ, ಅದು ಜಮೆಯೋ ಸಾಲವೋ ಎಂಬುದರೊಂದಿಗೆ. ನಮಗೆ ತಿಳಿದಿರುವ ಖಾತೆಗಳು: ಚಾಲ್ತಿ ಖಾತೆ ________, ಸಿಸಿ ಖಾತೆ ________, ಗೋದಾಮು ಸಾಲದ ಖಾತೆ ________, ಎಫ್‌ಡಿ ರಸೀದಿ ________.

2. ಪ್ರತಿ ಎಫ್‌ಡಿಗೆ: ಇಟ್ಟ ಮೊತ್ತ, ಇಟ್ಟ ದಿನ, ಮುಗಿಯುವ ದಿನ, ಬಡ್ಡಿ ದರ, ವರ್ಷದಲ್ಲಿ ಜಮೆಯಾದ ಅಥವಾ ಅಸಲಿಗೆ ಸೇರಿದ ಬಡ್ಡಿ, 31-3-2025ರವರೆಗೆ ಬೆಳೆದು ಜಮೆಯಾಗದ ಬಡ್ಡಿ, ಕಡಿತವಾದ ಟಿಡಿಎಸ್, ಎಫ್‌ಡಿಯ ಮೇಲೆ ಬ್ಯಾಂಕಿನ ಹಕ್ಕು ಇದ್ದರೆ ಅದರ ವಿವರ.

3. ಸಿಸಿ ಮತ್ತು ಗೋದಾಮು ಸಾಲಕ್ಕೆ ಪ್ರತ್ಯೇಕವಾಗಿ: ಮಂಜೂರಾದ ಮೊತ್ತ ಅಥವಾ ಮಿತಿ, ಬಡ್ಡಿ ದರ, ವರ್ಷದಲ್ಲಿ ವಿಧಿಸಿದ ಬಡ್ಡಿ, ಪಾವತಿಯಾದ ಬಡ್ಡಿ, 31-3-2025ಕ್ಕೆ ಬಾಕಿ ಇದ್ದ ಬಡ್ಡಿ, ಬಾಕಿ ಕಂತುಗಳು, ದಂಡ ಶುಲ್ಕ ಮತ್ತು ಇತರ ಶುಲ್ಕಗಳು, ಬಡ್ಡಿಯಿಂದ ಪ್ರತ್ಯೇಕವಾಗಿ.

4. ಸಾಲಗಳಿಗೆ ನೀಡಿರುವ ಭದ್ರತೆಗಳು ಮತ್ತು ವೈಯಕ್ತಿಕ ಜಾಮೀನುಗಳ ವಿವರ.

5. ಸಂಸ್ಥೆಯ ಪರವಾಗಿ 31-3-2025ಕ್ಕೆ ಜಾರಿಯಲ್ಲಿದ್ದ ಬ್ಯಾಂಕ್ ಗ್ಯಾರಂಟಿ ಅಥವಾ ಲೆಟರ್ ಆಫ್ ಕ್ರೆಡಿಟ್. ಇಲ್ಲದಿದ್ದರೆ ‘ಇಲ್ಲ’ ಎಂದು ತಿಳಿಸುವುದು.

ಈ ವಿವರಗಳನ್ನು ನಮ್ಮ ಲೆಕ್ಕಪರಿಶೋಧಕರಾದ ________, ವಿಳಾಸ ________, ಇಮೇಲ್ ________ ಇವರಿಗೆ ನೇರವಾಗಿ ಕಳುಹಿಸಲು ಈ ಮೂಲಕ ತಮಗೆ ಒಪ್ಪಿಗೆ ನೀಡುತ್ತೇವೆ. ಒಂದು ಪ್ರತಿಯನ್ನು ನಮಗೂ ನೀಡಬೇಕಾಗಿ ಕೋರುತ್ತೇವೆ. ಇದಕ್ಕೆ ತಗಲುವ ಶುಲ್ಕವನ್ನು ನಮ್ಮ ಚಾಲ್ತಿ ಖಾತೆಗೆ ಖರ್ಚು ಹಾಕಬಹುದು.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
________ ಸಂಸ್ಥೆಯ ಪರವಾಗಿ
(ಸಹಿ) ಪಾಲುದಾರರು
(ಸಂಸ್ಥೆಯ ಮೊಹರು)

ಐದನೇ ಅಂಶದಲ್ಲಿ ‘ಇಲ್ಲದಿದ್ದರೆ ಇಲ್ಲ ಎಂದು ತಿಳಿಸುವುದು’ ಅಂತ ಹಾಕಿರುವುದನ್ನು ತೆಗೆಯಬೇಡಿ. ಬ್ಯಾಂಕ್ ಆ ಜಾಗ ಖಾಲಿ ಬಿಟ್ಟರೆ ಗ್ಯಾರಂಟಿ ಇಲ್ಲ ಅಂತಲೋ, ನೋಡಿಲ್ಲ ಅಂತಲೋ ಆಡಿಟರ್‌ಗೆ ತಿಳಿಯುವುದಿಲ್ಲ. ‘ಇಲ್ಲ’ ಅಂತ ಬರೆದರೆ ಅದೂ ಒಂದು ಉತ್ತರ.

ಕೊಡುವ ಮುಂಚೆ ಈ ಕರಡನ್ನು ಆಡಿಟರ್‌ಗೆ ತೋರಿಸಿ. ಕೆಲವು ಆಡಿಟರ್‌ಗಳು ತಮ್ಮದೇ ನಮೂನೆ ಇಟ್ಟಿರುತ್ತಾರೆ, ನಿಮ್ಮ ಸಹಿ ಪಡೆದು ತಾವೇ ಬ್ಯಾಂಕಿಗೆ ಕಳಿಸುತ್ತಾರೆ. ಹಾಗಿದ್ದರೆ ಅದೇ ಒಳ್ಳೆಯದು, ಬಿಟ್ಟುಬಿಡಿ.

ಕನ್ನಡದಲ್ಲಿ ಬರೆಯಬಹುದಾ ಅಂದಿರಿ. ಧಾರಾಳವಾಗಿ ಬರೆಯಿರಿ. ತಿಪಟೂರಿನ ಶಾಖೆಗೆ ತಿಪಟೂರಿನ ಗ್ರಾಹಕ ಕನ್ನಡದಲ್ಲಿ ಬರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ಸಣ್ಣ ಸಲಹೆ ಮಾತ್ರ: ಸಾಲದ ವಿವರ ಕೊಡುವವರು ಕೆಲವೊಮ್ಮೆ ಬೇರೆ ಊರಿನ ಕಚೇರಿಯಲ್ಲಿರುತ್ತಾರೆ, ಅವರಿಗೆ ಕನ್ನಡ ಬಾರದೇ ಇರಬಹುದು. ಶಾಖೆಯಲ್ಲಿ ಕೇಳಿಕೊಂಡು, ಹಾಗಿದ್ದರೆ ಐದು ಅಂಶಗಳನ್ನು ಮಾತ್ರ ಇಂಗ್ಲಿಷ್‌ನಲ್ಲಿ ಒಂದು ಹಾಳೆಯಲ್ಲಿ ಬರೆದು ಜೊತೆಗೆ ಲಗತ್ತಿಸಿ. ಪತ್ರ ಕನ್ನಡದ್ದೇ ಇರಲಿ.

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕದೊಂದಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ವಾರ ಹತ್ತು ದಿನದಲ್ಲಿ ಬರದಿದ್ದರೆ ಆ ಪ್ರತಿ ಹಿಡಿದು ಹೋಗಿ ವಿಚಾರಿಸಿ. ಹೆಚ್ಚಿನ ಸಲ ಯಾವುದೋ ಒಂದು ಅಂಶಕ್ಕೆ, ಉದಾಹರಣೆಗೆ ಭದ್ರತೆಯ ವಿವರಕ್ಕೆ, ಬೇರೆ ವಿಭಾಗದ ಉತ್ತರ ಕಾಯುತ್ತಿರುತ್ತಾರೆ. ಉಳಿದದ್ದನ್ನು ಮೊದಲು ಕೊಡಿ ಅಂತ ಕೇಳಬಹುದು. ಏನೂ ಉತ್ತರವೇ ಇಲ್ಲದಿದ್ದರೆ ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯಿರಿ. 30 ದಿನ ಕಳೆದರೂ ಅಲ್ಲಿಂದಲೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಲು ಅವಕಾಶ ಇದೆ. ಆದರೆ ಇಂಥ ಕಾಗದಕ್ಕೆ ಅಲ್ಲಿವರೆಗೆ ಹೋಗುವುದು ಬಹಳ ಅಪರೂಪ.

ನೆಟ್ ಬ್ಯಾಂಕಿಂಗ್‌ನಲ್ಲಿ ಬಡ್ಡಿ ಪ್ರಮಾಣಪತ್ರ ಡೌನ್‌ಲೋಡ್ ಮಾಡುವ ಸೌಲಭ್ಯ ಅನೇಕ ಬ್ಯಾಂಕ್‌ಗಳಲ್ಲಿ ಇದೆ. ಅದನ್ನೂ ತೆಗೆದಿಟ್ಟುಕೊಳ್ಳಿ, ತಾಳೆ ನೋಡಲು ಉಪಯೋಗ. ಆದರೆ ಅದರಲ್ಲಿ ಸಹಿ ಇರುವುದಿಲ್ಲ, ಅದೂ ನಿಮ್ಮ ಕೈಯಿಂದಲೇ ಆಡಿಟರ್‌ಗೆ ಹೋಗುತ್ತದೆ, ಭದ್ರತೆ ಮತ್ತು ಗ್ಯಾರಂಟಿಯ ವಿವರವೂ ಬರುವುದಿಲ್ಲ. ಅದೊಂದರಿಂದ ಆಡಿಟರ್‌ಗೆ ಸಮಾಧಾನ ಆಗದೇ ಇರಬಹುದು.

ಪ್ರಮಾಣಪತ್ರ ಬಂದ ಮೇಲೆ

ಮೊದಲು ದಿನಾಂಕ ನೋಡಿ. ‘31-3-2025ಕ್ಕೆ’ ಅಂತ ಇದೆಯಾ, ಅಥವಾ ಕಾಗದ ಕೊಟ್ಟ ದಿನದ ಬ್ಯಾಲೆನ್ಸ್ ಬರೆದಿದ್ದಾರಾ? ಈ ತಪ್ಪು ಆಗಾಗ ಆಗುತ್ತದೆ, ಯಾಕೆಂದರೆ ಪರದೆಯಲ್ಲಿ ಮೊದಲು ಕಾಣುವುದು ಇವತ್ತಿನ ಬ್ಯಾಲೆನ್ಸ್. ಆಮೇಲೆ ಬಡ್ಡಿಯ ಅವಧಿ ನೋಡಿ. 1-4-2024ರಿಂದ 31-3-2025ರವರೆಗೆ ಇರಬೇಕು. ಜನವರಿಯಿಂದ ಡಿಸೆಂಬರ್‌ಗೆ ತೆಗೆದುಕೊಟ್ಟರೆ ಕೆಲಸಕ್ಕೆ ಬರುವುದಿಲ್ಲ.

ಸಿಸಿ ಬಡ್ಡಿಯನ್ನು ತಾಳೆ ನೋಡುವುದು ಸುಲಭ. ಸ್ಟೇಟ್‌ಮೆಂಟ್‌ನಲ್ಲಿ ತಿಂಗಳ ಕೊನೆಯ ಬಡ್ಡಿ ಸಾಲುಗಳನ್ನು ಕೂಡಿ. ಹನ್ನೆರಡು ಸಾಲು ಇರಬೇಕು. ಮಾರ್ಚ್ ತಿಂಗಳ ಬಡ್ಡಿ ಏಪ್ರಿಲ್ 1ರ ತಾರೀಖಿನಲ್ಲಿ ಕಾಣಿಸಿಕೊಂಡಿದ್ದರೆ ಹನ್ನೊಂದೇ ಸಿಗುತ್ತದೆ, ಅಥವಾ ಹಿಂದಿನ ವರ್ಷದ ಮಾರ್ಚ್ ಬಡ್ಡಿ ಈ ವರ್ಷದ ಮೊದಲ ಸಾಲಾಗಿ ಕೂತಿರುತ್ತದೆ. ಪ್ರಮಾಣಪತ್ರದ ಅಂಕಿ ಒಂದು ತಿಂಗಳ ಬಡ್ಡಿಯಷ್ಟು ಹೆಚ್ಚು ಕಡಿಮೆ ಆಗಿದ್ದರೆ ಹುಡುಕಬೇಕಾದದ್ದು ಇಲ್ಲೇ.

ಚಾಲ್ತಿ ಖಾತೆಯ ಬ್ಯಾಲೆನ್ಸ್ ನಿಮ್ಮ ಪುಸ್ತಕಕ್ಕೆ ಹೊಂದದಿದ್ದರೆ ಗಾಬರಿ ಬೇಡ, ಪುಸ್ತಕವನ್ನು ಎಳೆದು ಹೊಂದಿಸಲೂ ಬೇಡಿ. ಮಾರ್ಚ್ 29ಕ್ಕೆ ನೀವು ರೈತರಿಗೋ ದಲಾಲರಿಗೋ ಕೊಟ್ಟ 85,000 ರೂಪಾಯಿಯ ಚೆಕ್ ಏಪ್ರಿಲ್ 3ಕ್ಕೆ ಪಾಸಾಗಿದ್ದರೆ, ಬ್ಯಾಂಕಿನ ಬ್ಯಾಲೆನ್ಸ್ ನಿಮ್ಮದಕ್ಕಿಂತ ಅಷ್ಟು ಜಾಸ್ತಿ ಇರಲೇಬೇಕು. ಅಂಥ ವ್ಯತ್ಯಾಸಗಳನ್ನು ಒಂದು ಹೊಂದಾಣಿಕೆ ಪಟ್ಟಿಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಏಪ್ರಿಲ್‌ನಲ್ಲಿ ಯಾವ ದಿನ ಪಾಸಾಯಿತು ಅಂತ ಹಾಕಿ ಕೊಡಿ. ಬಹಳ ದಿನ ಪಾಸಾಗದೆ ಉಳಿದ ಚೆಕ್ ಇದ್ದರೆ ಅದನ್ನು ಬೇರೆ ಗುರುತು ಮಾಡಿ. ಕೊಟ್ಟ ದಿನಾಂಕದಿಂದ ಮೂರು ತಿಂಗಳು ದಾಟಿದ ಚೆಕ್‌ಗೆ ಬ್ಯಾಂಕ್ ಹಣ ಕೊಡುವುದಿಲ್ಲ. ಅದನ್ನು ಪುಸ್ತಕದಲ್ಲಿ ತಿರುಗಿಸಿ ಬರೆಯಬೇಕಾಗಬಹುದು.

ಅಂಕಿ ತಪ್ಪಿದೆ ಅಂತ ಖಚಿತವಾದರೆ ಬ್ಯಾಂಕಿನಿಂದ ಹೊಸ ಪ್ರಮಾಣಪತ್ರವನ್ನೇ ಕೇಳಿ. ಇದ್ದ ಕಾಗದದ ಮೇಲೆ ಪೆನ್ನಿನಲ್ಲಿ ತಿದ್ದಿಸಿ ತರಬೇಡಿ. ತಿದ್ದಿದ್ದನ್ನು ಬ್ಯಾಂಕಿನವರೇ ತಿದ್ದಿದರೋ ಬೇರೆಯವರೋ ಅಂತ ಆಡಿಟರ್ ಮತ್ತೆ ಬ್ಯಾಂಕಿಗೆ ಕೇಳಬೇಕಾಗುತ್ತದೆ, ಕೆಲಸ ಎರಡಾಗುತ್ತದೆ. ತಪ್ಪು ಎಲ್ಲಿದೆ ಅಂತ ಸ್ಟೇಟ್‌ಮೆಂಟ್‌ನ ಆ ಸಾಲಿಗೆ ಗುರುತು ಹಾಕಿ ತೋರಿಸಿದರೆ ಶಾಖೆಯಲ್ಲಿ ಬೇಗ ಸರಿಮಾಡಿ ಕೊಡುತ್ತಾರೆ.

ಪ್ರಮಾಣಪತ್ರದ ಶುಲ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಮೇಲೆ ಜಿಎಸ್‌ಟಿ ಇರುತ್ತದೆ. ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ. ಅದು ನಿಮ್ಮ ಖಾತೆಯಿಂದ ಹೋಗುವುದು ಮಾರ್ಚ್ ಮುಗಿದ ಮೇಲೆ, ಹಾಗಾಗಿ 2024-25ರ ಪುಸ್ತಕದಲ್ಲಿ ಅದನ್ನು ಹುಡುಕಬೇಡಿ, 2025-26ರ ಬ್ಯಾಂಕ್ ಖರ್ಚಿನಲ್ಲಿ ಬರೆಯಿರಿ.